ಸಕ್ಕರೆ ಇದ್ದಷ್ಟೇ ಇತ್ತು, ಶೇಕಡಾ ಮಾತ್ರ ಮೂರು ಸಲ ಬದಲಾಯಿತು: ಒಂದು ಎಚ್‌ಬಿಎ1ಸಿ ಪ್ರಕರಣ

ಮಧ್ಯ ಕರ್ನಾಟಕದ ಒಂದು ತಾಲ್ಲೂಕು ಕೇಂದ್ರದಲ್ಲಿ ಹೊಲಿಗೆ ಅಂಗಡಿ ನಡೆಸುವ 44 ವರ್ಷದ ಮಹಿಳೆಯ ಪ್ರಕರಣವಿದು. ಗುರುತು ಸಿಗಬಾರದೆಂದು ಊರಿನ ಹೆಸರು ಬಿಟ್ಟಿದೆ, ಮನೆಯ ವಿವರಗಳನ್ನು ಬದಲಿಸಿದೆ. ಆಕೆಗೆ ಸಕ್ಕರೆ ಕಾಯಿಲೆ ಗೊತ್ತಾಗಿ ನಾಲ್ಕು ವರ್ಷವಾಗಿತ್ತು. ಬೆಳಗ್ಗೆ ಒಂದು, ರಾತ್ರಿ ಒಂದು ಮೆಟ್‌ಫಾರ್ಮಿನ್ 500 ಮಾತ್ರೆ ನಡೆಯುತ್ತಿತ್ತು. ಎರಡು ಮೂರು ತಿಂಗಳ ಸಕ್ಕರೆಯ ಗುರುತು ಹೇಳುವ ರಕ್ತಪರೀಕ್ಷೆ ಎಚ್‌ಬಿಎ1ಸಿ ಹಿಂದಿನ ವರ್ಷ ಶೇ. 6.7 ಬಂದಿತ್ತು. ಮನೆಯಲ್ಲಿ ಗ್ಲುಕೋಮೀಟರ್ ಇತ್ತು. ವಾರಕ್ಕೆ ಎರಡು ಸಲ ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ನೋಡಿ, ರವಿಕೆ ಅಳತೆ ಬರೆಯುವ ಪುಸ್ತಕದ ಕೊನೆಯ ಹಾಳೆಗಳಲ್ಲೇ ಬರೆದಿಡುತ್ತಿದ್ದರು: 112, 118, 109, 121. ಒಮ್ಮೆಯೂ 130 ದಾಟಿರಲಿಲ್ಲ.

ಈ ವರ್ಷದ ತಪಾಸಣೆಯಲ್ಲಿ ಖಾಲಿ ಹೊಟ್ಟೆಯ ಸಕ್ಕರೆ 118 ಬಂತು, ಎಚ್‌ಬಿಎ1ಸಿ ಮಾತ್ರ ಶೇ. 7.8. ವರದಿಯ ಕೆಳಗಡೆ ‘ಅಂದಾಜು ಸರಾಸರಿ ಗ್ಲೂಕೋಸ್ 177’ ಎಂದೂ ಅಚ್ಚಾಗಿತ್ತು. ಆಕೆ ಮೊದಲು 7.8 ಎಂಬುದನ್ನೇ ಸಕ್ಕರೆ ಎಂದುಕೊಂಡರು. ಆಮೇಲೆ 177 ಕಂಡು, ಇವತ್ತಿನ ಸಕ್ಕರೆ 118 ಎಂದು ಮೇಲೆ ಬರೆದು ಕೆಳಗೆ 177 ಎಂದರೆ ಲ್ಯಾಬಿನವರೇ ತಪ್ಪು ಮಾಡಿರಬೇಕು ಎಂದರು. ಲ್ಯಾಬಿನ ತಪ್ಪೇನೂ ಇರಲಿಲ್ಲ. ಮುಂದಿನ ಕಥೆ ಅರ್ಥವಾಗಬೇಕಾದರೆ ಆ ಶೇಕಡಾ ಯಾವುದರ ಶೇಕಡಾ ಎಂಬುದು ಮೊದಲು ಗೊತ್ತಿರಬೇಕು.

ಯಾವುದರಲ್ಲಿ ಎಷ್ಟು ಪಾಲು

ಕೆಂಪು ರಕ್ತಕಣದೊಳಗೆ ಹಿಮೋಗ್ಲೋಬಿನ್ ಇದೆ. ರಕ್ತದಲ್ಲಿ ಓಡಾಡುವ ಗ್ಲೂಕೋಸ್ ನಿಧಾನವಾಗಿ ಅದಕ್ಕೆ ಅಂಟಿಕೊಳ್ಳುತ್ತದೆ, ಹಾಗೆ ಅಂಟಿದ್ದು ಆ ಕಣ ಸಾಯುವವರೆಗೂ ಬಿಡುವುದಿಲ್ಲ. ನೂರು ಪಾಲು ಹಿಮೋಗ್ಲೋಬಿನ್‌ನಲ್ಲಿ ಎಷ್ಟು ಪಾಲಿಗೆ ಹೀಗೆ ಸಕ್ಕರೆ ಅಂಟಿದೆ ಎಂಬ ಲೆಕ್ಕವೇ ಎಚ್‌ಬಿಎ1ಸಿ. ಶೇ. 7.8 ಎಂದರೆ ರಕ್ತದಲ್ಲಿ ಶೇ. 7.8 ಸಕ್ಕರೆ ಇದೆ ಎಂದಲ್ಲ.

ಕೆಂಪು ಕಣದ ಆಯುಸ್ಸು ಸುಮಾರು 120 ದಿನ. ಆದ್ದರಿಂದ ಈ ಪರೀಕ್ಷೆ ಕಳೆದ ಎರಡು ಮೂರು ತಿಂಗಳ ಒಟ್ಟು ಸಕ್ಕರೆಯ ಗುರುತು. ಆದರೆ ಎಲ್ಲ ದಿನಗಳ ತೂಕವೂ ಒಂದೇ ಅಲ್ಲ. ಸುಮಾರು ಅರ್ಧ ಪಾಲು ತೀರಾ ಈಚಿನ ಒಂದು ತಿಂಗಳದ್ದು, ಕಾಲು ಪಾಲು ಅದರ ಹಿಂದಿನ ತಿಂಗಳದ್ದು, ಉಳಿದ ಕಾಲು ಅದಕ್ಕೂ ಹಿಂದಿನ ಎರಡು ತಿಂಗಳದ್ದು. ಪರೀಕ್ಷೆಗೆ ಮುಂಚೆ ನಾಲ್ಕು ದಿನ ಸಿಹಿ ಬಿಟ್ಟರೆ ಖಾಲಿ ಹೊಟ್ಟೆಯ ಸಕ್ಕರೆ ಇಳಿಯಬಹುದು, ಇದು ಇಳಿಯದು. ಉಪವಾಸವಿದ್ದು ರಕ್ತ ಕೊಡಬೇಕಾದ ಅಗತ್ಯವೂ ಇದಕ್ಕಿಲ್ಲ.

ಶೇಕಡಾವನ್ನು ಮೀಟರಿನ ಭಾಷೆಗೆ ತರಲು ಒಂದು ಲೆಕ್ಕವಿದೆ. ಎಚ್‌ಬಿಎ1ಸಿಯನ್ನು 28.7ರಿಂದ ಗುಣಿಸಿ, ಬಂದದ್ದರಲ್ಲಿ 46.7 ಕಳೆಯಬೇಕು. ಶೇ. 6ಕ್ಕೆ 126, ಶೇ. 7ಕ್ಕೆ 154, ಶೇ. 8ಕ್ಕೆ 183 ಬರುತ್ತದೆ. ಅಂದರೆ ಶೇಕಡಾ ಒಂದು ಏರಿದರೆ ಸರಾಸರಿ ಸಕ್ಕರೆ ಸುಮಾರು 29 ಏರಿದಂತೆ. ಈಕೆಯ ವರದಿಯ 177 ಬಂದದ್ದು ಈ ಲೆಕ್ಕದಿಂದಲೇ, ಅದನ್ನು ಯಾರೂ ರಕ್ತದಲ್ಲಿ ಅಳೆದಿರಲಿಲ್ಲ. ರೋಗ ಪತ್ತೆಗೆ ಗಡಿ ಶೇ. 6.5. ಕಾಯಿಲೆ ಇರುವವರಲ್ಲಿ ಬಹಳ ಜನರಿಗೆ ವೈದ್ಯರು ಇಡುವ ಗುರಿ ಶೇ. 7ರ ಒಳಗೆ. ವಯಸ್ಸಾದವರಿಗೆ, ಸಕ್ಕರೆ ಪದೇ ಪದೇ ಕುಸಿಯುವವರಿಗೆ ಗುರಿ ಇನ್ನೂ ಸಡಿಲ.

ಮೊದಲ ನಿರ್ಧಾರ

ಮೊದಲು ನೋಡಿದ ವೈದ್ಯರ ತರ್ಕದಲ್ಲಿ ಹುರುಳಿತ್ತು, ಅದನ್ನು ಇಲ್ಲಿ ಹೇಳಲೇಬೇಕು. ಖಾಲಿ ಹೊಟ್ಟೆಯಲ್ಲಿ 118, ಎಚ್‌ಬಿಎ1ಸಿ 7.8 ಎಂದು ಬಂದಾಗ ಹೆಚ್ಚಿನ ಸಲ ಕಾರಣ ಊಟದ ನಂತರದ ಏರಿಕೆಯೇ. ಬೆಳಗಿನ ಒಂದೇ ಹೊತ್ತಿನಲ್ಲಿ ನೋಡುವವರಿಗೆ ಮಧ್ಯಾಹ್ನ ಮುದ್ದೆ, ಅನ್ನ ಉಂಡ ಮೇಲೆ ಸಕ್ಕರೆ 240ಕ್ಕೆ ಹೋದರೂ ಕಾಣುವುದಿಲ್ಲ. ಎಚ್‌ಬಿಎ1ಸಿ ಅದನ್ನೂ ಸೇರಿಸಿಕೊಂಡು ಲೆಕ್ಕ ಕೊಡುತ್ತದೆ. ಹಾಗಾಗಿ ಮೀಟರಿನ ಪುಸ್ತಕಕ್ಕಿಂತ ಶೇಕಡಾವನ್ನು ನಂಬಿ, ಬೆಳಗಿನ ತಿಂಡಿಗೆ ಮುಂಚೆ ಗ್ಲಿಮಿಪಿರೈಡ್ 1 ಮಿಲಿಗ್ರಾಂ ಸೇರಿಸಿದರು.

ಇಲ್ಲಿ ಬಿಟ್ಟುಹೋದದ್ದು ಎರಡು. ಊಟದ ನಂತರ ಸಕ್ಕರೆ ನಿಜವಾಗಿ ಏರುತ್ತಿದೆಯೇ ಎಂದು ಮೂರು ದಿನ ಅಳೆದು ನೋಡಲಿಲ್ಲ. ರಕ್ತದ ಪೂರ್ಣ ಎಣಿಕೆ, ಅಂದರೆ ಸಿಬಿಸಿ, ಮಾಡಿಸಲಿಲ್ಲ. ಗ್ಲಿಮಿಪಿರೈಡ್ ಮೆಟ್‌ಫಾರ್ಮಿನ್ ಥರದ್ದಲ್ಲ. ಸಕ್ಕರೆ ಹೆಚ್ಚಿರಲಿ ಇಲ್ಲದಿರಲಿ, ಅದು ಮೇದೋಜೀರಕದಿಂದ ಇನ್ಸುಲಿನ್ ಹೊರಡಿಸುತ್ತದೆ. ತಿಂಡಿ ಕಡಿಮೆಯಾಗಿ ಊಟ ತಡವಾದರೆ ಸಕ್ಕರೆ ಕುಸಿಯುತ್ತದೆ. ಆದ್ದರಿಂದ ಅದನ್ನು ಸೇರಿಸುವ ಮುಂಚೆ ಸಕ್ಕರೆ ನಿಜಕ್ಕೂ ಹೆಚ್ಚಿದೆ ಎಂಬುದು ಖಾತ್ರಿಯಾಗಬೇಕಿತ್ತು.

ಮೂರನೇ ವಾರ, ಮಧ್ಯಾಹ್ನ ಹನ್ನೆರಡೂವರೆ. ಬಟ್ಟೆ ಕತ್ತರಿಸುತ್ತಿದ್ದಾಗ ಕತ್ತರಿ ಹಿಡಿದ ಕೈ ನಡುಗಿತು, ಗುರುತು ಹಾಕಿದ ಚಾಕ್‌ಪೀಸಿನ ಗೆರೆ ಎರಡೆರಡಾಗಿ ಕಂಡಿತು, ಮೈಯೆಲ್ಲ ತಣ್ಣನೆ ಬೆವರು. ಪಕ್ಕದ ಅಂಗಡಿಯವರು ಮನೆಯಿಂದ ಮೀಟರ್ ತರಿಸಿ ನೋಡಿದರೆ 58. ಮೂರು ಚಮಚ ಸಕ್ಕರೆ ಕದಡಿದ ನೀರು ಕುಡಿಸಿ, ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಿದಾಗ 84 ಬಂತು. ನಾಲ್ಕು ದಿನ ಬಿಟ್ಟು ಅದೇ ಹೊತ್ತಿಗೆ ಮತ್ತೆ 64.

ಪ್ರಕರಣ ತಿರುಗಿದ್ದು ಇಲ್ಲಿ. ಸರಾಸರಿ 177 ಇರುವವರಿಗೆ ಅತಿ ಕಡಿಮೆ ಪ್ರಮಾಣದ ಒಂದು ಮಾತ್ರೆಯಿಂದ ವಾರದಲ್ಲಿ ಎರಡು ಸಲ 70ರ ಕೆಳಗೆ ಹೋಗುವುದು ಸಾಮಾನ್ಯವಾಗಿ ಆಗುವಂಥದ್ದಲ್ಲ. ಸಕ್ಕರೆ ಅಷ್ಟು ಎತ್ತರದಲ್ಲಿ ಇರಲೇ ಇಲ್ಲವೇನೋ ಎಂಬ ಅನುಮಾನ ಅಲ್ಲಿಂದ ಹುಟ್ಟಬೇಕು.

ಎರಡನೇ ವೈದ್ಯೆ ಕೇಳಿದ್ದು

ಜಿಲ್ಲಾ ಕೇಂದ್ರದಲ್ಲಿ ನೋಡಿದ ಫಿಸಿಷಿಯನ್ ವರದಿಗಿಂತ ಮೊದಲು ಅಳತೆ ಪುಸ್ತಕ ನೋಡಿದರು. ಆಮೇಲೆ ಆಕೆಯ ಕೆಳರೆಪ್ಪೆ ಎಳೆದು, ಉಗುರು ನೋಡಿ ಕೇಳಿದರು: “ಮುಟ್ಟು ಎಷ್ಟು ದಿನ ಇರುತ್ತಮ್ಮಾ?”

“ಎಂಟು ಒಂಬತ್ತು ದಿನ ಮೇಡಂ. ಈ ವಯಸ್ಸಿಗೆ ಎಲ್ಲರಿಗೂ ಹಂಗೇ ಅಂದ್ರು.”

“ಮೆಟ್ಟಿಲು ಹತ್ತಿದ್ರೆ?”

“ಏದುಸಿರು ಬರುತ್ತೆ. ಶುಗರ್‌ಗೇ ಅಂದ್ಕೊಂಡಿದ್ದೆ.”

ಗ್ಲಿಮಿಪಿರೈಡ್ ಅಂದೇ ನಿಂತಿತು, ಮೆಟ್‌ಫಾರ್ಮಿನ್ ಮುಂದುವರಿಯಿತು. ಒಂದು ವಾರ ಬಿಟ್ಟು ಮೂರು ದಿನ, ದಿನಕ್ಕೆ ಏಳು ಸಲ ಬೆರಳು ಚುಚ್ಚಿ ನೋಡುವಂತೆ ಹೇಳಿದರು. ಮೂರೂ ಊಟದ ಮುಂಚೆ, ಮೊದಲ ತುತ್ತಿನಿಂದ ಎರಡು ಗಂಟೆ ಲೆಕ್ಕ ಹಾಕಿ ಮೂರೂ ಊಟದ ನಂತರ, ಕೊನೆಗೆ ಮಲಗುವ ಮುಂಚೆ. ಊಟದಲ್ಲಿ ಏನನ್ನೂ ಬದಲಿಸಬಾರದು ಎಂಬುದು ಕಟ್ಟುನಿಟ್ಟಿನ ಮಾತು, ಯಾಕೆಂದರೆ ಪಥ್ಯ ಮಾಡಿಕೊಂಡು ಅಳೆದರೆ ಎಂದಿನ ದಿನದ ಸಕ್ಕರೆ ಸಿಗದು.

ಅದಕ್ಕೂ ಮುಂಚೆ ಮೀಟರನ್ನೇ ಪರೀಕ್ಷಿಸಿದರು. ಖಾಲಿ ಹೊಟ್ಟೆಯಲ್ಲಿ ಲ್ಯಾಬಿಗೆ ರಕ್ತ ಕೊಟ್ಟ ಐದು ನಿಮಿಷದೊಳಗೆ ಅದೇ ಮೀಟರಿನಲ್ಲಿ ನೋಡಿದಾಗ 114, ಲ್ಯಾಬಿನದು 119. ಶೇ. 15ರೊಳಗಿನ ವ್ಯತ್ಯಾಸವನ್ನು ಮನೆ ಮೀಟರಿಗೆ ಒಪ್ಪುತ್ತಾರೆ, ಇದು ಅದಕ್ಕಿಂತ ಎಷ್ಟೋ ಕಡಿಮೆ. ಸ್ಟ್ರಿಪ್ಪಿನ ಅವಧಿ ಮುಗಿದಿರಲಿಲ್ಲ, ಡಬ್ಬಿಯ ಮುಚ್ಚಳ ಬಿಗಿಯಾಗಿತ್ತು. ಹಣ್ಣು, ಬೆಲ್ಲ ಮುಟ್ಟಿದ ಕೈ ತೊಳೆಯದೆ ಚುಚ್ಚಿದರೆ ಮೀಟರ್ ಸುಳ್ಳೇ ಹೆಚ್ಚು ತೋರಿಸುತ್ತದೆ. ಇಲ್ಲಿದ್ದ ಅನುಮಾನ ಅದರ ತಿರುವುಮುರುವು, ಮೀಟರ್ ಕಡಿಮೆ ತೋರಿಸುತ್ತಿದೆಯೇ ಎಂಬುದು. ಅದು ಬಗೆಹರಿಯಿತು.

ಮೊದಲ ದಿನದ ಏಳು ಅಂಕಿಗಳು ಹೀಗಿದ್ದವು. ತಿಂಡಿಗೆ ಮುಂಚೆ 112, ಉಪ್ಪಿಟ್ಟು ತಿಂದ ಮೇಲೆ 158. ಊಟಕ್ಕೆ ಮುಂಚೆ 104, ಮುದ್ದೆ, ಸೊಪ್ಪಿನ ಸಾರು, ಒಂದು ಸೌಟು ಅನ್ನ ಉಂಡ ಮೇಲೆ 172. ಸಂಜೆ 118, ರಾತ್ರಿ ಊಟವಾಗಿ 164, ಮಲಗುವಾಗ 146. ಕೂಡಿಸಿ ಏಳರಿಂದ ಭಾಗಿಸಿದರೆ 139. ಉಳಿದೆರಡು ದಿನವೂ ಹೆಚ್ಚುಕಡಿಮೆ ಅಷ್ಟೇ. ಸರಾಸರಿ 140 ಎಂದರೆ ಮೇಲಿನ ಲೆಕ್ಕವನ್ನು ಹಿಂದಕ್ಕೆ ತಿರುಗಿಸಿ ಎಚ್‌ಬಿಎ1ಸಿ ಸುಮಾರು ಶೇ. 6.5 ಇರಬೇಕಿತ್ತು, ಬಂದದ್ದು 7.8. ಇಷ್ಟು ಅಂತರ ಊಟದ ನಂತರದ ಏರಿಕೆಯಿಂದ ಬಂದದ್ದಲ್ಲ, ಏಕೆಂದರೆ ಆ ಏರಿಕೆಯನ್ನೂ ಈಗ ಅಳೆದಾಗಿತ್ತು.

ಸಿಬಿಸಿ ವರದಿಯಲ್ಲಿ ಹಿಮೋಗ್ಲೋಬಿನ್ 8.4 ಇತ್ತು, ಹೆಂಗಸರಿಗೆ 12ರ ಮೇಲಿರಬೇಕು. ಕೆಂಪು ಕಣಗಳ ಗಾತ್ರ ಹೇಳುವ ಎಂಸಿವಿ 68, ಅದು 80ಕ್ಕಿಂತ ಕಡಿಮೆ ಎಂದರೆ ಕಣಗಳು ಸಣ್ಣಗಾಗಿವೆ ಎಂದರ್ಥ. ದೇಹದ ಕಬ್ಬಿಣದ ದಾಸ್ತಾನು ತೋರಿಸುವ ಫೆರಿಟಿನ್ 6ಕ್ಕೆ ಇಳಿದಿತ್ತು, ದಾಸ್ತಾನು ಬರಿದಾಗಿದೆ ಎಂದು ಬೇರೆ ಹೇಳಬೇಕಿಲ್ಲ. ಎಚ್‌ಬಿಎ1ಸಿ ಯಂತ್ರದ ರೇಖಾಚಿತ್ರ ತರಿಸಿ ನೋಡಿದರು. ಹಿಮೋಗ್ಲೋಬಿನ್ ಎಸ್, ಡಿ, ಇ ಮುಂತಾದ ಹುಟ್ಟಿನಿಂದ ಬಂದ ಬೇರೆ ಬಗೆ ಇದ್ದರೆ, ಹಿಮೋಗ್ಲೋಬಿನ್ನಿನ ಬಗೆಗಳನ್ನು ಬೇರ್ಪಡಿಸಿ ತೋರಿಸುವ ಎಚ್‌ಪಿಎಲ್‌ಸಿ ವಿಧಾನದ ಚಿತ್ರದಲ್ಲಿ ಒಂದು ಹೆಚ್ಚಿನ ಶಿಖರ ಏಳುತ್ತದೆ. ಅಂಥದ್ದೇನೂ ಇರಲಿಲ್ಲ. ಕಬ್ಬಿಣದ ಕೊರತೆಯ ರಕ್ತಹೀನತೆ ಖಚಿತವಾಯಿತು.

ಹಿಮೋಗ್ಲೋಬಿನ್ನನ್ನು ನೆಚ್ಚದ ಇನ್ನೊಂದು ಸಾಕ್ಷಿಯೂ ಬೇಕೆಂದು ಫ್ರಕ್ಟೋಸಮೈನ್ ಮಾಡಿಸಿದರು. ಇದು ರಕ್ತದ ಪ್ರೋಟೀನುಗಳಿಗೆ, ಮುಖ್ಯವಾಗಿ ಆಲ್ಬುಮಿನ್‌ಗೆ, ಅಂಟಿದ ಸಕ್ಕರೆಯ ಲೆಕ್ಕ. ಕಳೆದ ಎರಡು ಮೂರು ವಾರದ ಸಕ್ಕರೆಯನ್ನಷ್ಟೇ ಹೇಳುತ್ತದೆ, ಕೆಂಪು ಕಣದ ಗೊಡವೆ ಇದಕ್ಕಿಲ್ಲ. ಬಂದದ್ದು 276, ಆ ಲ್ಯಾಬಿನ ಮೇಲಿನ ಮಿತಿ 285. ಆಲ್ಬುಮಿನ್ ಕಡಿಮೆಯಿದ್ದರೆ ಈ ಪರೀಕ್ಷೆಯೂ ದಾರಿ ತಪ್ಪಿಸುತ್ತದೆ, ಆಕೆಯದು 4.1, ಸರಿಯಾಗಿತ್ತು. ಮೀಟರ್ ಮತ್ತು ಫ್ರಕ್ಟೋಸಮೈನ್ ಒಂದೇ ಮಾತು ಹೇಳಿದವು, ಎಚ್‌ಬಿಎ1ಸಿ ಒಂದೇ ಬೇರೆ ಹೇಳಿತು.

ರಕ್ತ ಕಡಿಮೆಯಾದರೆ ಶೇಕಡಾ ಹೆಚ್ಚುವುದೇಕೆ

ಆಕೆಯ ಅಣ್ಣ ಕೇಳಿದ ಪ್ರಶ್ನೆ ಸಹಜವಾದದ್ದು: ಹಿಮೋಗ್ಲೋಬಿನ್ನೇ ಕಡಿಮೆಯಿದ್ದರೆ ಅದಕ್ಕೆ ಅಂಟುವ ಸಕ್ಕರೆಯೂ ಕಡಿಮೆ ಬರಬೇಕಲ್ಲವೇ? ಹಾಗಲ್ಲ, ಏಕೆಂದರೆ ಇದು ಪಾಲಿನ ಲೆಕ್ಕ. ನೂರರಲ್ಲಿ ಎಷ್ಟು ಎಂದು ಕೇಳುವಾಗ ಒಟ್ಟು 8 ಇದ್ದರೂ ಒಂದೇ, 13 ಇದ್ದರೂ ಒಂದೇ. ಶೇಕಡಾವನ್ನು ಬದಲಿಸುವುದು ಹಿಮೋಗ್ಲೋಬಿನ್ನಿನ ಮೊತ್ತವಲ್ಲ, ಕಣಗಳ ವಯಸ್ಸು.

ಹಳೆಯ ಮನೆಗಳಲ್ಲಿ ಸೌದೆ ಒಲೆಯ ಮೇಲಿನ ಅಟ್ಟದಲ್ಲಿ ಮಡಕೆಗಳನ್ನು ಇಡುತ್ತಿದ್ದರು. ದಿನವೂ ಹೊಗೆಯಾಡಿ ಅವುಗಳ ಮೇಲೆ ಮಸಿ ಕೂರುತ್ತದೆ. ಮಸಿಯ ದಪ್ಪ ನೋಡಿ ಒಲೆಯಲ್ಲಿ ಎಷ್ಟು ಹೊಗೆಯಾಡಿದೆ ಎಂದು ಹೇಳಬಹುದು. ಆದರೆ ಮಡಕೆ ಎಷ್ಟು ದಿನದಿಂದ ಅಲ್ಲಿದೆ ಎಂಬುದು ಗೊತ್ತಿದ್ದರೆ ಮಾತ್ರ. ಹಳೆಯ ಮಡಕೆ ತೆಗೆದು ಹೊಸದನ್ನು ಇಡುವುದು ನಿಧಾನವಾದರೆ ಅಟ್ಟದಲ್ಲಿ ಹಳೆಯವೇ ಹೆಚ್ಚಾಗಿ, ಹೊಗೆ ಅಷ್ಟೇ ಇದ್ದರೂ ಮಸಿ ದಪ್ಪವಾಗಿ ಕಾಣುತ್ತದೆ. ಕಬ್ಬಿಣ ಸಾಲದಿದ್ದಾಗ ಮೂಳೆಮಜ್ಜೆ ಹೊಸ ಕಣಗಳನ್ನು ಸರಿಯಾಗಿ ತಯಾರಿಸಲಾರದು, ಓಡಾಡುವ ಕಣಗಳಲ್ಲಿ ಹಳೆಯವುಗಳ ಪಾಲು ಏರುತ್ತದೆ. ಸಕ್ಕರೆಗೆ ಅಂಟಲು ಹೆಚ್ಚು ದಿನ ಸಿಕ್ಕ ಕಣಗಳಿವು. ಈಕೆಯ ಶೇಕಡಾ 7.8ಕ್ಕೆ ಏರಿದ್ದರಲ್ಲಿ ಹೊಗೆಗಿಂತ ಹಳೆ ಮಡಕೆಗಳ ಪಾಲು ದೊಡ್ಡದಿತ್ತು.

ಎರಡನೇ ಎಡವಟ್ಟು

ಚಿಕಿತ್ಸೆ ಸರಳ. ಕಬ್ಬಿಣದ ಮಾತ್ರೆ ದಿನಕ್ಕೊಂದು, ಕಾಫಿ ಟೀ ಕುಡಿಯುವುದಕ್ಕೆ ಒಂದು ಗಂಟೆ ಮುಂಚೆ ಇಲ್ಲವೇ ಎರಡು ಗಂಟೆ ಬಿಟ್ಟು. ಮಲ ಕಪ್ಪಾಗುತ್ತದೆ, ಹೆದರಬೇಡಿ ಎಂದು ಮೊದಲೇ ಹೇಳಿದ್ದರಿಂದ ಆಕೆ ನಡುವೆ ನಿಲ್ಲಿಸಲಿಲ್ಲ. ಸ್ಕ್ಯಾನಿನಲ್ಲಿ ಗರ್ಭಕೋಶದ ಫೈಬ್ರಾಯ್ಡ್ ಗಡ್ಡೆ ಕಂಡಿತು, ಸ್ತ್ರೀರೋಗ ತಜ್ಞರು ರಕ್ತಸ್ರಾವ ತಡೆಯುವ ಚಿಕಿತ್ಸೆ ಶುರು ಮಾಡಿದರು. ಸೋರುವುದು ನಿಲ್ಲದೆ ತುಂಬುವುದು ಸಾಗದು. ಎಚ್‌ಬಿಎ1ಸಿಯನ್ನು ಐದು ತಿಂಗಳವರೆಗೆ ಮಾಡಿಸಬೇಡಿ, ಅಲ್ಲಿಯವರೆಗೆ ತಿಂಗಳಿಗೆ ಮೂರು ದಿನ ಏಳು ಸಲದ ಮೀಟರ್ ಲೆಕ್ಕವೇ ಸಾಕು ಎಂದು ವೈದ್ಯೆ ಚೀಟಿಯಲ್ಲಿ ಬರೆದುಕೊಟ್ಟರು.

ಎಂಟನೇ ವಾರದಲ್ಲಿ ಊರಿನ ತಪಾಸಣಾ ಶಿಬಿರವೊಂದರಲ್ಲಿ ಆಕೆ ಎಚ್‌ಬಿಎ1ಸಿ ಮಾಡಿಸಿಬಿಟ್ಟರು. ಬಂದದ್ದು ಶೇ. 6.1. ಕಾಯಿಲೆಯ ಗಡಿ 6.5 ಎಂದು ಆ ಹೊತ್ತಿಗೆ ಎಲ್ಲರಿಗೂ ಗೊತ್ತಾಗಿತ್ತು. ಶುಗರ್ ಹೋಯಿತು ಎಂದು ಮನೆಯವರೆಲ್ಲ ಹಿಗ್ಗಿದರು, ಆಕೆ ರಾತ್ರಿಯ ಮೆಟ್‌ಫಾರ್ಮಿನ್ ಬಿಟ್ಟರು. ಹತ್ತು ದಿನದಲ್ಲಿ ಬೆಳಗಿನ ಸಕ್ಕರೆ 138, 142 ಆಯಿತು. ಅಳತೆ ಪುಸ್ತಕದಲ್ಲಿ ಅದು ಎದ್ದು ಕಂಡಿದ್ದರಿಂದ ಆಕೆಯೇ ಫೋನ್ ಮಾಡಿ ಕೇಳಿದರು.

ಆ 6.1 ಕೂಡ ಸತ್ಯ ಹೇಳುವ ಅಂಕಿಯಲ್ಲ. ಕಬ್ಬಿಣ ಸಿಕ್ಕ ಮೂಳೆಮಜ್ಜೆ ಒಂದೆರಡು ವಾರದೊಳಗೆ ಹೊಸ ಕಣಗಳನ್ನು ರಾಶಿ ರಾಶಿಯಾಗಿ ಬಿಡುತ್ತದೆ. ಎಂಟು ವಾರದಲ್ಲಿ ಹಿಮೋಗ್ಲೋಬಿನ್ 8.4ರಿಂದ 11.2ಕ್ಕೆ ಏರಿತ್ತು. ಅಟ್ಟದ ತುಂಬ ಹೊಸ ಮಡಕೆ, ಮಸಿ ಕೂರಲು ಇನ್ನೂ ಸಮಯ ಸಿಕ್ಕಿಲ್ಲ. ಶಿಬಿರಕ್ಕೆ ಮುಂಚಿನ ವಾರ, ಎರಡೂ ಹೊತ್ತು ಮೆಟ್‌ಫಾರ್ಮಿನ್ ನಡೆಯುತ್ತಿದ್ದಾಗ, ಮೀಟರಿನ ಸರಾಸರಿ 138 ಇತ್ತು. ಮೊದಲ ಸಲ ಶೇಕಡಾ ಸುಳ್ಳೇ ಹೆಚ್ಚು ಬಂದು ಅನಗತ್ಯ ಮಾತ್ರೆ ಸೇರಿತು, ಎರಡನೇ ಸಲ ಸುಳ್ಳೇ ಕಡಿಮೆ ಬಂದು ಬೇಕಾದ ಮಾತ್ರೆ ತಪ್ಪಿತು. ಎರಡನೆಯದೇ ಹೆಚ್ಚು ಅಪಾಯದ್ದು ಎಂದು ನನ್ನ ಅನಿಸಿಕೆ. ಸಕ್ಕರೆ ಕುಸಿದರೆ ಕೈ ನಡುಗಿ ಗೊತ್ತಾಗುತ್ತದೆ, 200ರಲ್ಲಿ ತಿಂಗಳುಗಟ್ಟಲೆ ನಿಂತರೆ ಏನೂ ಗೊತ್ತಾಗುವುದಿಲ್ಲ.

ಬಿಟ್ಟ ಮಾತ್ರೆ ಮತ್ತೆ ಶುರುವಾಯಿತು. ಐದನೇ ತಿಂಗಳು ಮುಗಿದಾಗ ಹಿಮೋಗ್ಲೋಬಿನ್ 12.4, ಫೆರಿಟಿನ್ 38. ಕಣಗಳ ಹುಟ್ಟು ಸಾವು ಎಂದಿನ ಲಯಕ್ಕೆ ಬಂದ ಮೇಲೆ ಮಾಡಿಸಿದ ಎಚ್‌ಬಿಎ1ಸಿ ಶೇ. 6.6. ಲೆಕ್ಕ ಹಾಕಿದರೆ 143. ಆ ತಿಂಗಳ ಮೀಟರಿನ ಸರಾಸರಿ 141. ಎರಡು ದಾರಿಯಿಂದ ಹೋದರೂ ಒಂದೇ ಕಡೆ ಬಂದು ಸೇರಿದ್ದು ಇದೇ ಮೊದಲು.

ಬೇರೆಯವರ ವರದಿಗೆ ಇದರಿಂದ ಏನು ಸಿಗುತ್ತದೆ

ಮೀಟರ್ ಚೆನ್ನಾಗಿ ಬಂತು ಎಂದ ಮಾತ್ರಕ್ಕೆ ಎಚ್‌ಬಿಎ1ಸಿಯನ್ನು ತಳ್ಳಿಹಾಕಲು ಈ ಪ್ರಕರಣ ನೆಪವಾಗಬಾರದು. ಹೆಚ್ಚಿನವರಲ್ಲಿ ಅದು ಹೇಳುವುದೇ ಸರಿ, ಬೆಳಗಿನ ಹೊತ್ತಷ್ಟೇ ನೋಡಿದ ಮೀಟರ್ ಪುಸ್ತಕವೇ ಅರ್ಧಂಬರ್ಧ. ತಕರಾರು ಎತ್ತುವ ಮುಂಚೆ ಊಟದ ನಂತರದ ಅಂಕಿಗಳೂ ಕೈಯಲ್ಲಿರಬೇಕು. ಅವನ್ನೂ ಸೇರಿಸಿದ ಸರಾಸರಿಗೂ ವರದಿಯ ಅಂದಾಜು ಸರಾಸರಿಗೂ ಮೂವತ್ತಕ್ಕಿಂತ ಹೆಚ್ಚು ಅಂತರ ಉಳಿದರೆ ಆಗ ಸಿಬಿಸಿ, ಫೆರಿಟಿನ್ ಕೇಳಬೇಕು. ಅದಕ್ಕಿಂತ ಸಣ್ಣ ವ್ಯತ್ಯಾಸಕ್ಕೆ ತಲೆಕೆಡಿಸಿಕೊಳ್ಳಬೇಕಿಲ್ಲ. ಕಳೆದ ಸಲ 7.0 ಇದ್ದದ್ದು ಈ ಸಲ 7.2 ಆದರೆ ಅದು ಅಳತೆಯದೇ ಏರಿಳಿತವಿರಬಹುದು, ಅರ್ಧ ಪಾಯಿಂಟ್ ಸರಿದರೆ ಮಾತ್ರ ಏನೋ ಬದಲಾಗಿದೆ ಎನ್ನಬಹುದು.

ತಪ್ಪು ಯಾವ ದಿಕ್ಕಿಗೆ ಆಗುತ್ತದೆ ಎಂಬುದನ್ನು ಮಡಕೆಗಳ ವಯಸ್ಸಿನಿಂದಲೇ ಊಹಿಸಬಹುದು. ಬಿ12 ಕೊರತೆಯಲ್ಲೂ ಹೊಸ ಕಣ ತಯಾರಾಗುವುದು ಕುಗ್ಗಿ ಶೇಕಡಾ ಸುಳ್ಳೇ ಏರಬಹುದು. ವರ್ಷಗಟ್ಟಲೆ ಮೆಟ್‌ಫಾರ್ಮಿನ್ ತೆಗೆದುಕೊಳ್ಳುವವರಲ್ಲಿ, ಅದರಲ್ಲೂ ಸಸ್ಯಾಹಾರಿಗಳಲ್ಲಿ, ಈ ಕೊರತೆ ಬರುವುದುಂಟು, ಹಾಗಾಗಿ ಇದನ್ನು ಮರೆಯಬಾರದು. ಕಣಗಳು ಬೇಗ ಒಡೆಯುವ ಕಾಯಿಲೆಯಲ್ಲಿ, ಈಚೆಗೆ ರಕ್ತ ಹಾಕಿಸಿಕೊಂಡವರಲ್ಲಿ, ಮೂತ್ರಪಿಂಡದ ತೊಂದರೆಗೆ, ಹೊಸ ಕೆಂಪು ಕಣ ಹುಟ್ಟಿಸುವ ಎರಿತ್ರೊಪೊಯಿಟಿನ್ ಇಂಜೆಕ್ಷನ್ ಪಡೆಯುವವರಲ್ಲಿ, ಗರ್ಭಿಣಿಯರಲ್ಲಿ ಶೇಕಡಾ ಇಳಿದು ಕಾಣುತ್ತದೆ. ಇವರ 6.3 ಕಂಡು ನಿಶ್ಚಿಂತರಾಗುವಂತಿಲ್ಲ. ರಕ್ತ ಕೊಡುವಾಗ ಇಂಥದ್ದೇನಾದರೂ ಇದ್ದರೆ ವೈದ್ಯರಿಗೆ ಹೇಳಿಬಿಡುವುದು ಒಳ್ಳೆಯದು, ವರದಿಯ ಕಾಗದದಲ್ಲಿ ಅದು ಎಲ್ಲೂ ಕಾಣುವುದಿಲ್ಲ.

ಈಕೆಯ ಫೈಲಿನ ಮೇಲೆ ಈಗ ಕೆಂಪು ಶಾಯಿಯಲ್ಲಿ ಒಂದು ಸಾಲಿದೆ: ‘ಎಚ್‌ಬಿಎ1ಸಿ ಮಾಡಿಸಿದಾಗಲೆಲ್ಲ ಜೊತೆಗೆ ಸಿಬಿಸಿ’. ಅಳತೆ ಪುಸ್ತಕದ ಕೊನೆಯ ಹಾಳೆಗಳಲ್ಲಿ ಬೆಳಗಿನ ಅಂಕಿಯ ಪಕ್ಕ ಊಟದ ನಂತರದ್ದಕ್ಕೂ ಆಕೆ ಒಂದು ಸಾಲು ಎಳೆದುಕೊಂಡಿದ್ದಾರೆ. ಮಾತ್ರೆ ಅದೇ ಮೆಟ್‌ಫಾರ್ಮಿನ್ 500, ಎರಡು ಹೊತ್ತು.